ಕೆವೈಸಿ ಫಾರ್ಮ್ ಕೊಡುವ ಮುಂಚೆ: ವಿಳಾಸ, ಆದಾಯ, ದಾಖಲೆ ಮೂರೂ ಒಂದೇ ಮಾತು ಹೇಳ್ತಾವಾ?

2025ರ ಜನವರಿ. ಕಬ್ಬಿನ ಹಂಗಾಮು ಜೋರಾಗಿ ನಡೆದಿತ್ತು. ನಮ್ಮ ಭೋಜದ ಓಣಿಯ ಕಾಕಾ ಒಬ್ಬರು, ಕಬ್ಬಿನ ಬಿಲ್ಲು ಜಮಾ ಆಯ್ತು ಅಂತ ಮೆಸೇಜ್ ಬಂದ ಮರುದಿನ ಎಟಿಎಂಗೆ ಹೋದರು. ದುಡ್ಡು ಬರಲಿಲ್ಲ. ಶಾಖೆಗೆ ಹೋಗಿ ಕೇಳಿದರೆ, ಕೆವೈಸಿ ಬಾಕಿ ಇದೆ, ಫಾರ್ಮ್ ತುಂಬಿ ಕೊಡಿ ಅಂದರು. ತುಂಬಿ ಕೊಟ್ಟರು, ವಾಪಸ್ ಬಂತು. ಇನ್ನೊಂದು ಜೆರಾಕ್ಸ್ ಹಚ್ಚಿ ಕೊಟ್ಟರು, ಮತ್ತೆ ವಾಪಸ್ ಬಂತು. ಅತ್ತ ಕುಳೆ ಕಬ್ಬಿಗೆ ಗೊಬ್ಬರ ಹಾಕೋ ಹೊತ್ತು, ಕಟಾವಿನ ಆಳುಗಳಿಗೆ ಕೊಡೋದು ಬಾಕಿ. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಇಲ್ಲ.

ಮೂರನೇ ಸಲ ಅವರು ಕಾಗದಪತ್ರದ ಚೀಲ ಹಿಡಿದು ನಮ್ಮನೆಗೆ ಬಂದರು. "ತಮ್ಮಾ, ಇದರಾಗ ಒಂದೂ ಸುಳ್ಳ ಇಲ್ಲ ನೋಡು. ಆದ್ರೂ ಯಾಕ ವಾಪಸ್ ಕೊಡ್ತಾರ?"

ಕಟ್ಟೆ ಮೇಲೆ ಎಲ್ಲ ಕಾಗದ ಹರವಿ ನೋಡಿದೆವು. ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ. ಆದರೆ ಒಂದು ಕಾಗದ 2013ರ ನಿಜ, ಇನ್ನೊಂದು 2021ರ ನಿಜ, ಮತ್ತೊಂದು ಬೇರೆ ಯಾವುದೋ ಕೆಲಸಕ್ಕೆ ಮಾಡಿಸಿದ್ದು. ಎಲ್ಲವನ್ನೂ ಒಂದೇ ಪಿನ್ನಿಗೆ ಹಚ್ಚಿ ಕೊಟ್ಟಾಗ ಒಂದಕ್ಕೊಂದು ಎದುರು ಮಾತಾಡ್ತಿದ್ದವು. ನಮ್ಮ ಭಾಗದಲ್ಲಿ ಕೆವೈಸಿ ಫಾರ್ಮ್ ಕೆಡೋದು ಹೆಚ್ಚಾಗಿ ಹೀಗೆಯೇ. ಅದಕ್ಕೆ ಈ ವಾರ ಬೆಳೆ ಬಿಟ್ಟು, ಆ ಫಾರ್ಮನ್ನು ಕೊಡುವ ಮುಂಚೆ ಹೇಗೆ ತಾಳೆ ನೋಡಬೇಕು ಅನ್ನೋದನ್ನು ಕಾಕಾನ ಕಾಗದಗಳನ್ನೇ ಇಟ್ಟುಕೊಂಡು ಹೇಳ್ತೀನಿ. ಅವರ ಒಪ್ಪಿಗೆ ಕೇಳಿದ್ದೀನಿ. ಗುರುತು ಸಿಗದ ಹಾಗೆ ಮನೆ ನಂಬರು, ಮೊತ್ತಗಳನ್ನು ಸ್ವಲ್ಪ ಬದಲಾಯಿಸಿದ್ದೀನಿ.

ಈ ಫಾರ್ಮ್ ಮತ್ತೆ ಮತ್ತೆ ಯಾಕೆ ಬರುತ್ತೆ

ಖಾತೆ ತೆಗೆಯುವಾಗ ಒಮ್ಮೆ ಕೆವೈಸಿ ಕೊಟ್ಟಿರ್ತೀವಿ. ಅಷ್ಟಕ್ಕೇ ಮುಗಿಯೋದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬ್ಯಾಂಕು ಪ್ರತಿ ಗ್ರಾಹಕರನ್ನು ಅಪಾಯದ ಲೆಕ್ಕದಲ್ಲಿ ಮೂರು ಗುಂಪು ಮಾಡಿರುತ್ತೆ. ಹೆಚ್ಚು ಅಪಾಯದವರ ವಿವರವನ್ನು ಕನಿಷ್ಠ 2 ವರ್ಷಕ್ಕೊಮ್ಮೆ, ಮಧ್ಯಮದವರದ್ದನ್ನು 8 ವರ್ಷಕ್ಕೊಮ್ಮೆ, ಕಡಿಮೆಯವರದ್ದನ್ನು 10 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ನಮ್ಮಂಥ ರೈತರು ಸಾಮಾನ್ಯವಾಗಿ ಮೂರನೇ ಗುಂಪಿನಲ್ಲಿ ಬರ್ತೀವಿ. ಕಾಕಾ ಖಾತೆ ತೆಗೆದಿದ್ದು 2013ರಲ್ಲಿ. ಹತ್ತು ವರ್ಷ ಯಾವಾಗ ತುಂಬಿತು ಅವರಿಗೆ ಗೊತ್ತೇ ಆಗಲಿಲ್ಲ.

ಈ ಗುಂಪು ಮಾಡೋದಕ್ಕೆ ನೋಡುವ ವಿಷಯಗಳಲ್ಲಿ ನಿಮ್ಮ ಗುರುತು, ಉದ್ಯೋಗ, ಹಣಕಾಸಿನ ಸ್ಥಿತಿ ಸೇರಿವೆ. ಅಂದರೆ ಫಾರ್ಮಿನಲ್ಲಿ ಇರುವ ಉದ್ಯೋಗ ಮತ್ತು ಆದಾಯದ ಚೌಕಗಳು ಸುಮ್ಮನೆ ಇಟ್ಟದ್ದಲ್ಲ. ನೀವು ಬರೆದ ಆದಾಯಕ್ಕೂ ಖಾತೆಯಲ್ಲಿ ಓಡಾಡುವ ದುಡ್ಡಿಗೂ ಹೊಂದಾಣಿಕೆ ಇದೆಯಾ ಅಂತ ಬ್ಯಾಂಕು ನೋಡುತ್ತೆ. ಇಲ್ಲ ಅಂದ್ರೆ ಪ್ರಶ್ನೆ ಬರುತ್ತೆ.

ಮೊದಲ ಹೆಜ್ಜೆ: ಬ್ಯಾಂಕಿನ ಪುಸ್ತಕದಲ್ಲಿ ಈಗ ಏನಿದೆ

ನಾವೆಲ್ಲ ಮಾಡುವ ತಪ್ಪು ಅಂದ್ರೆ ಖಾಲಿ ಫಾರ್ಮ್ ಸಿಕ್ಕ ಕೂಡಲೇ ಪೆನ್ ತಗೊಂಡು ಬರೆಯೋಕೆ ಕೂರೋದು. ಫಾರ್ಮಿನ ಮೇಲ್ಭಾಗದಲ್ಲೇ ಒಂದು ಪ್ರಶ್ನೆ ಇರುತ್ತೆ: ನಿಮ್ಮ ವಿವರದಲ್ಲಿ ಬದಲಾವಣೆ ಇಲ್ಲ, ಅಥವಾ ಬದಲಾವಣೆ ಇದೆ. ಬ್ಯಾಂಕಿನಲ್ಲಿ ಈಗ ಏನು ದಾಖಲಾಗಿದೆ ಅಂತ ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಕೊಡೋಕೆ ಆಗೋದೇ ಇಲ್ಲ. 'ಬದಲಾವಣೆ ಇಲ್ಲ' ಅನ್ನೋದು ನಿಮ್ಮ ಮನೆಯ ಬಗ್ಗೆ ಹೇಳೋ ಮಾತಲ್ಲ. ಬ್ಯಾಂಕಿನ ದಾಖಲೆಯಲ್ಲಿ ಇರೋದು ಇವತ್ತಿಗೂ ಸರಿ ಇದೆ ಅಂತ ಸಹಿ ಹಾಕಿ ಹೇಳೋ ಮಾತು.

ಹಾಗಾಗಿ ಮೊದಲು ಪಾಸ್‌ಬುಕ್ಕಿನ ಮೊದಲ ಪುಟ ತೆಗೀರಿ. ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ ಅಲ್ಲಿರುತ್ತೆ. ಪಾಸ್‌ಬುಕ್ ಹಳೆಯದಾಗಿದ್ರೆ ಶಾಖೆಯಲ್ಲಿ ಕೌಂಟರಿನವರನ್ನು, "ಸಾಹೇಬ್ರ, ನಮ್ಮ ವಿಳಾಸ, ಮೊಬೈಲ್ ನಂಬರ್, ಉದ್ಯೋಗ ಏನಂತ ಐತಿ ಸ್ವಲ್ಪ ನೋಡಿ ಹೇಳ್ರಿ" ಅಂತ ಕೇಳಿ ಬರ್ಕೊಳ್ಳಿ.

ಕಾಕಾನ ದಾಖಲೆಯಲ್ಲಿ ಇದ್ದದ್ದು ಹೀಗೆ: ಮ.ನಂ. 412, ಮು.ಪೋ. ಭೋಜ, ತಾ. ಚಿಕ್ಕೋಡಿ, ಜಿ. ಬೆಳಗಾಂವ. ಅವರು ಫಾರ್ಮಿನಲ್ಲಿ ಗುರುತು ಹಾಕಿದ್ದು 'ಬದಲಾವಣೆ ಇಲ್ಲ'. ಹಚ್ಚಿದ್ದು ಆಧಾರ್ ಜೆರಾಕ್ಸ್. ಆಧಾರಿನಲ್ಲಿದ್ದ ವಿಳಾಸ ಇಚಲಕರಂಜಿ!

ಮಗ ಅಲ್ಲಿ ಮಗ್ಗದ ಕೆಲಸಕ್ಕೆ ಇದ್ದಾನೆ. ಕಾಕಾ 2021ರಲ್ಲಿ ಎರಡು ವರ್ಷ ಅಲ್ಲೇ ಇದ್ದು, ಆಗ ಆಧಾರ್ ವಿಳಾಸ ಬದಲಿಸಿದ್ದರು. ಆಮೇಲೆ ಊರಿಗೆ ಬಂದರು, ಆಧಾರ್ ಹಾಗೇ ಉಳೀತು. ಬದಲಾವಣೆ ಇಲ್ಲ ಅಂತ ಸಹಿ, ಕೆಳಗೆ ಬೇರೆ ರಾಜ್ಯದ ವಿಳಾಸ. ಶಾಖೆಯವರು ವಾಪಸ್ ಕೊಟ್ಟದ್ದರಲ್ಲಿ ಅವರದ್ದೇನೂ ತಪ್ಪಿರಲಿಲ್ಲ.

ವಿಳಾಸ: ಮನೆ ಬದಲಾಯ್ತಾ, ತಾಲೂಕಿನ ಹೆಸರು ಬದಲಾಯ್ತಾ?

ನಮ್ಮ ಭಾಗದವರಿಗೆ ಒಂದು ವಿಶೇಷ ತೊಡಕಿದೆ. 2014ರ ನವೆಂಬರ್ 1ರಿಂದ ಬೆಳಗಾಂವ ಅಧಿಕೃತವಾಗಿ ಬೆಳಗಾವಿ ಆಯ್ತು. 2018ರ ಸುಮಾರಿಗೆ ನಿಪ್ಪಾಣಿ ಬೇರೆ ತಾಲೂಕಾಗಿ ನಡೆಯೋಕೆ ಶುರುವಾಯ್ತು, ಭೋಜ ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಂತು. ಅತ್ತ ಅಥಣಿಯಿಂದ ಕಾಗವಾಡ ಬೇರೆಯಾಯ್ತು. ಮನೆ ಅಲ್ಲೇ ಇದೆ, ಹೊಸ್ತಿಲು ಅದೇ, ಆದರೆ ಕಾಗದದ ಮೇಲೆ ತಾಲೂಕು ಜಿಲ್ಲೆ ಎರಡೂ ಬದಲು. ಒಂದೇ ಮನೆಯಲ್ಲಿ ಅಪ್ಪನ ಮತದಾರರ ಚೀಟಿಯಲ್ಲಿ ಚಿಕ್ಕೋಡಿ, ಮಗನ ಆಧಾರಿನಲ್ಲಿ ನಿಪ್ಪಾಣಿ ಇರೋದು ಇಲ್ಲಿ ಸಾಮಾನ್ಯ.

ಇದನ್ನು ತಾಳೆ ನೋಡುವಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಒಂದು, ನಾನು ವಾಸ ಇರುವ ಮನೆ ಬದಲಾಗಿದೆಯಾ? ಎರಡು, ಮನೆ ಅದೇ ಇದ್ದು ಅದರ ವಿಳಾಸ ಬರೆಯುವ ರೀತಿ ಬದಲಾಗಿದೆಯಾ? ಮೊದಲನೆಯದು ನಿಜವಾದ ವಿಳಾಸ ಬದಲಾವಣೆ. ಎರಡನೆಯದು ತಿದ್ದುಪಡಿ. ಮನೆ ನಂಬರು, ಊರು, ಪಿನ್ ಕೋಡ್ ಮೂರೂ ಒಂದೇ ಇದ್ದು ತಾಲೂಕು ಮಾತ್ರ ಬೇರೆ ಇದ್ದರೆ ಗಾಬರಿ ಬೇಡ. ಆದರೆ ಬಾಯಲ್ಲಿ ಹೇಳಿ ಬಿಡಬೇಡಿ. ಶಾಖೆಯವರನ್ನು ಕೇಳಿ, ಅವರು ಹೇಳಿದ ಚೌಕಕ್ಕೆ ಗುರುತು ಹಾಕಿ, ಜೊತೆಗೆ ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಮಾಡಿ ಕೊಡಿ: "ನಾನು ಮೊದಲಿನಿಂದಲೂ ಇದೇ ಮನೆಯಲ್ಲಿ ವಾಸವಿದ್ದೇನೆ. ಭೋಜ ಗ್ರಾಮವು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವುದರಿಂದ ತಾಲೂಕಿನ ಹೆಸರನ್ನು ದಾಖಲೆಯಲ್ಲಿ ಸರಿಪಡಿಸಬೇಕು." ಇಷ್ಟು ಇದ್ದರೆ ಎರಡು ಕಾಗದ ಯಾಕೆ ಬೇರೆ ಬೇರೆ ಹೇಳ್ತಾವೆ ಅನ್ನೋದಕ್ಕೆ ಫೈಲಿನಲ್ಲೇ ಉತ್ತರ ಇರುತ್ತೆ.

ಮನೆಯೇ ಬದಲಾಗಿದ್ದರೂ ನಿಯಮ ಅಷ್ಟೇನೂ ಕಠಿಣ ಇಲ್ಲ. ಹೊಸ ವಿಳಾಸವನ್ನು ನೀವೇ ಘೋಷಣೆ ಮಾಡಿ ಕೊಡಬಹುದು. ಬ್ಯಾಂಕು ಎರಡು ತಿಂಗಳೊಳಗೆ ಅದನ್ನು ಖಚಿತ ಮಾಡಿಕೊಳ್ಳಬೇಕು. ಆ ವಿಳಾಸಕ್ಕೆ ಪತ್ರ ಕಳಿಸಬಹುದು, ಯಾರನ್ನಾದರೂ ಕಳಿಸಿ ನೋಡಬಹುದು. ಬೇಕೆನಿಸಿದರೆ ದಾಖಲೆಯನ್ನೂ ಕೇಳಬಹುದು. ಪತ್ರ ಬರುತ್ತೆ ಅನ್ನೋದನ್ನು ನೆನಪಿಡಿ. ಮನೆ ನಂಬರು ತಪ್ಪಿದ್ದರೆ ಪತ್ರ ವಾಪಸ್ ಹೋಗುತ್ತೆ, ನಿಮ್ಮ ಘೋಷಣೆ ಖಚಿತ ಆಗದೆ ಉಳಿಯುತ್ತೆ. ಪಂಚಾಯ್ತಿಯವರು ಮನೆಗಳಿಗೆ ಹೊಸ ನಂಬರು ಕೊಟ್ಟಿದ್ದರೆ ಹಳೆಯದು, ಹೊಸದು ಎರಡನ್ನೂ ಬರೆಯೋದು ಒಳ್ಳೇದು.

ಆಧಾರ್ ಬೆರಳಚ್ಚು ಕೊಟ್ಟು ಕೆವೈಸಿ ಮಾಡಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಬೆರಳು ಇಟ್ಟ ಕೂಡಲೇ ಆಧಾರಿನಲ್ಲಿರುವ ವಿಳಾಸವೇ ಬ್ಯಾಂಕಿಗೆ ಬರುತ್ತೆ. ಕಾಕಾ ಹಾಗೆ ಮಾಡಿದ್ದರೆ ಭೋಜದ ಖಾತೆಗೆ ಇಚಲಕರಂಜಿ ವಿಳಾಸ ಕೂತುಬಿಡ್ತಿತ್ತು, ಮುಂದಿನ ಪತ್ರಗಳೆಲ್ಲ ಅಲ್ಲಿಗೇ ಹೋಗ್ತಿದ್ದವು. ಆಧಾರ್ ವಿಳಾಸ ಒಂದು, ಈಗ ಇರೋದು ಇನ್ನೊಂದು ಅಂತಾದರೆ ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆ ಕೊಡೋಕೆ ಅವಕಾಶ ಇದೆ. ಕೇಳಿ ಪಡೀರಿ.

ಕಾಕಾನ ಹತ್ತಿರ ಮತದಾರರ ಗುರುತಿನ ಚೀಟಿ ಇತ್ತು, ಅದರಲ್ಲಿ ಭೋಜದ ವಿಳಾಸವೇ ಇತ್ತು, ತಾಲೂಕು ಮಾತ್ರ ಚಿಕ್ಕೋಡಿ. ಆಧಾರ್ ಬದಲು ಅದನ್ನು ಹಚ್ಚಿ, ಮೇಲೆ ಹೇಳಿದ ಎರಡು ಸಾಲಿನ ಪತ್ರ ಕೊಟ್ಟೆವು. ವಿಳಾಸದ ಗಂಟು ಅಲ್ಲಿಗೆ ಬಿಚ್ಚಿತು. ಆಧಾರ್ ತಿದ್ದುಪಡಿಯನ್ನು ಆಮೇಲೆ ನಿಧಾನಕ್ಕೆ ಮಾಡಿಸಿದರು.

ಯಾವ ಕಾಗದ ನಡೀತದೆ, ಯಾವುದು ನಡೆಯೋದಿಲ್ಲ

ಗುರುತು ಮತ್ತು ವಿಳಾಸ ಎರಡಕ್ಕೂ ಬ್ಯಾಂಕು ಒಪ್ಪುವ ಅಧಿಕೃತ ದಾಖಲೆಗಳು ಆರು: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಮತ್ತು ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ. ಜಮೀನಿನ ಉತಾರವೂ ಇಲ್ಲ. ಉತಾರ ನಿಮ್ಮ ಹೊಲ ಎಲ್ಲಿದೆ ಅಂತ ಹೇಳುತ್ತೆ, ನೀವು ಎಲ್ಲಿ ಮಲಗ್ತೀರಿ ಅಂತ ಹೇಳೋದಿಲ್ಲ.

ಈ ಆರರಲ್ಲಿ ಯಾವುದರಲ್ಲೂ ಈಗಿನ ವಿಳಾಸ ಇಲ್ಲದಿದ್ದರೆ, ವಿಳಾಸದ ಮಟ್ಟಿಗೆ ಮಾತ್ರ ಕರೆಂಟ್ ಬಿಲ್, ಫೋನ್ ಬಿಲ್, ನೀರಿನ ಬಿಲ್, ಮನೆಪಟ್ಟಿ ಕಟ್ಟಿದ ಪಾವತಿ ಇಂಥವು ನಡೀತವೆ. ಅದಕ್ಕೆ ಎರಡು ಕಟ್ಟುಪಾಡು ಇವೆ. ಬಿಲ್ಲು ಎರಡು ತಿಂಗಳಿಗಿಂತ ಹಳೆಯದಿರಬಾರದು. ಮತ್ತು ಅದನ್ನು ಕೊಟ್ಟ ಮೂರು ತಿಂಗಳೊಳಗೆ ಹೊಸ ವಿಳಾಸ ಇರುವ ಆರರಲ್ಲೊಂದು ದಾಖಲೆಯನ್ನು ತಂದುಕೊಡಬೇಕು. ಈ ಎರಡನೇ ಮಾತು ಬಹಳ ಜನ ಮರೀತಾರೆ. ಬಿಲ್ಲು ಕೊಟ್ಟೆ, ಕೆಲಸ ಮುಗೀತು ಅಂದ್ಕೊಳ್ತಾರೆ.

ಕಾಕಾ ಎರಡನೇ ಸಲ ಹಚ್ಚಿದ್ದು ಹೆಸ್ಕಾಂ ಬಿಲ್ಲು. ಅದು ನಾಲ್ಕು ತಿಂಗಳ ಹಿಂದಿನದು. ಅದಲ್ಲದೆ ಮೀಟರು ಇನ್ನೂ ತೀರಿಕೊಂಡ ಅವರ ತಂದೆ ಹೆಸರಲ್ಲೇ ಇತ್ತು. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಅಂತ ನಾವು ಅದನ್ನು ತೆಗೆದಿಡೋದೇ ಬಿಟ್ಟಿದ್ದೀವಿ. ಕಟ್ಟೋದು ಸೊನ್ನೆ ಇದ್ದರೂ ಆ ಬಿಲ್ಲಿನ ಮೇಲೆ ಹೆಸರು, ತಾರೀಖು ಇರ್ತವೆ. ಇತ್ತೀಚಿನ ಎರಡು ಬಿಲ್ಲು ಯಾವಾಗಲೂ ಮನೆಯಲ್ಲಿ ಇರಲಿ. ಹಚ್ಚುವ ಮುಂಚೆ ಮೂರು ನೋಡಿ: ನಿಮ್ಮದೇ ಹೆಸರಿದೆಯಾ, ತಾರೀಖು ಎರಡು ತಿಂಗಳೊಳಗಿದೆಯಾ, ವಿಳಾಸ ಪೂರ್ತಿ ಇದೆಯಾ. ಬರೀ ಊರಿನ ಹೆಸರು ಮತ್ತು ಆರ್‌ಆರ್ ನಂಬರು ಇರುವ ಬಿಲ್ಲಿನಿಂದ ಮನೆ ಯಾವುದು ಅಂತ ತಿಳಿಯೋದಿಲ್ಲ.

ಹೆಸರಿನ ವಿಷಯವೂ ಇಲ್ಲೇ ಬರುತ್ತೆ. ಕೊಲ್ಲಾಪುರ, ಸಾಂಗಲಿ ಕಡೆಯಿಂದ ಬಂದ ಸೊಸೆಯಂದಿರ ಚೀಟಿಯಲ್ಲಿ ತವರಿನ ಅಡ್ಡಹೆಸರು ಇರುತ್ತೆ, ಫಾರ್ಮಿನಲ್ಲಿ ಗಂಡನ ಮನೆಯದು ಬರೀತಾರೆ. ದಾಖಲೆ ಆದಮೇಲೆ ಹೆಸರು ಬದಲಾಗಿದ್ದರೆ ಸರ್ಕಾರದ ವಿವಾಹ ನೋಂದಣಿ ಪತ್ರ ಅಥವಾ ಗೆಜೆಟ್ ಪ್ರಕಟಣೆ ಜೊತೆಗೆ ಕೊಟ್ಟರೆ ಆ ದಾಖಲೆ ನಡೆಯುತ್ತೆ. ಲಗ್ನಪತ್ರಿಕೆ ನಡೆಯೋದಿಲ್ಲ.

ಆದಾಯ: ಬಂದ ದುಡ್ಡು ಬೇರೆ, ಆದಾಯ ಬೇರೆ

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವ ಚೌಕಕ್ಕೆ ಬರೋಣ. ಕಾಕಾ ಆದಾಯದಲ್ಲಿ '1 ಲಕ್ಷದ ಒಳಗೆ' ಅಂತ ಗುರುತು ಹಾಕಿ, ಜೊತೆಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಹಚ್ಚಿದ್ದರು. ಅದರಲ್ಲಿ ಇದ್ದದ್ದು 48,000 ರೂಪಾಯಿ. ಮೊಮ್ಮಗಳ ವಿದ್ಯಾರ್ಥಿವೇತನಕ್ಕೆ ಅಂತ ಕೆಲವು ವರ್ಷದ ಹಿಂದೆ ಮಾಡಿಸಿದ್ದು. ಖಾತೆಯಲ್ಲಿ ಆ ವರ್ಷ ಜಮಾ ಆಗಿದ್ದು 7 ಲಕ್ಷ 44 ಸಾವಿರ. ಫಾರ್ಮ್ ನೋಡಿದ ಯಾರಿಗಾದರೂ ಉಳಿದ ದುಡ್ಡು ಎಲ್ಲಿಂದ ಬಂತು ಅಂತ ಅನ್ನಿಸದೇ ಇರುತ್ತಾ?

ಹಾಗಂತ ಅವರ ಆದಾಯ 7 ಲಕ್ಷವೂ ಅಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಒಂದು ವರ್ಷದ ಜಮೆಗಳನ್ನು ಐದು ಗುಂಪು ಮಾಡಿದೆವು.

ಕಬ್ಬಿನ ಬಿಲ್ಲು: 3 ಎಕರೆ 20 ಗುಂಟೆ, ಎಕರೆಗೆ 40 ಟನ್ನಿನ ಲೆಕ್ಕದಲ್ಲಿ 140 ಟನ್, ಟನ್ನಿಗೆ 3,000 ರೂಪಾಯಿಯಂತೆ 4,20,000.
ಹಾಲಿನ ಬಿಲ್ಲು: ಎರಡು ಎಮ್ಮೆ, ವರ್ಷಕ್ಕೆ 1,08,000.
ಮಗ ಕಳಿಸಿದ್ದು: ತಿಂಗಳಿಗೆ 5,000ದಂತೆ 60,000.
ಪಿಎಂ ಕಿಸಾನ್: 6,000.
ಬೆಳೆ ಸಾಲ: 1,50,000.

ಇದರಲ್ಲಿ ಬೆಳೆ ಸಾಲ ಆದಾಯವೇ ಅಲ್ಲ, ತಿರುಗಿ ಕಟ್ಟಬೇಕಾದ ದುಡ್ಡು. ಮಗ ಮನೆಖರ್ಚಿಗೆ ಕಳಿಸಿದ್ದು ಮಗನ ದುಡಿಮೆ, ಕಾಕಾನ ಆದಾಯಕ್ಕೆ ಸೇರಿಸೋದಿಲ್ಲ. ಆದರೆ ಫಾರ್ಮಿನಲ್ಲಿ 'ಹಣದ ಮೂಲ' ಅಂತ ಕೇಳಿದ್ದರೆ ಅಲ್ಲಿ ಕೃಷಿ, ಹೈನುಗಾರಿಕೆ ಜೊತೆಗೆ 'ಮಗನಿಂದ' ಅಂತಲೂ ಬರೀಬೇಕು. ಆಗ ತಿಂಗಳು ತಿಂಗಳು ಬರೋ ಆ 5,000 ಯಾರಿಗೂ ಒಗಟಾಗೋದಿಲ್ಲ.

ಉಳಿದದ್ದರಲ್ಲಿ ಖರ್ಚು ಕಳೆದೆವು. ಕಬ್ಬಿಗೆ ಬೀಜ, ಗೊಬ್ಬರ, ಆಳು, ನೀರು ಎಲ್ಲ ಸೇರಿ 1,70,000 ಹೋಗಿತ್ತು, ಉಳಿದಿದ್ದು 2,50,000. ಹಾಲಿನಲ್ಲಿ ಹಿಂಡಿ, ಹೊಟ್ಟು, ಡಾಕ್ಟರ ಖರ್ಚು 62,000 ಕಳೆದು 46,000. ಎರಡೂ ಸೇರಿ 2,96,000. ಪಿಎಂ ಕಿಸಾನಿನ 6,000 ಸೇರಿಸಿದರೂ ಬಿಟ್ಟರೂ ಹೆಚ್ಚುಕಡಿಮೆ 3 ಲಕ್ಷ. ಫಾರ್ಮಿನಲ್ಲಿ ಅವರಿಗೆ ಸರಿಯಾದ ಚೌಕ '1 ಲಕ್ಷದಿಂದ 5 ಲಕ್ಷ'. ಬ್ಯಾಂಕಿನಿಂದ ಬ್ಯಾಂಕಿಗೆ ಚೌಕಗಳು ಬೇರೆ ಇರಬಹುದು, ಆದರೆ ಲೆಕ್ಕ ಮಾಡುವ ರೀತಿ ಇದೇ. ಈ ಲೆಕ್ಕದ ಚೀಟಿಯನ್ನು ಹರೀಬೇಡಿ, ಫಾರ್ಮಿನ ಜೆರಾಕ್ಸ್ ಜೊತೆ ಇಟ್ಕೊಳ್ಳಿ. ನಾಳೆ ಬ್ಯಾಂಕಿನವರು ಕೇಳಿದರೆ ಅದೇ ಉತ್ತರ.

ನಾಡಕಚೇರಿಯ ಪತ್ರದ ಬಗ್ಗೆ ನೇರವಾಗಿ ಹೇಳಿಬಿಡ್ತೀನಿ. ಕೇಳದೇ ಇದ್ದರೂ ಮನೆಯಲ್ಲಿದ್ದ ಕಾಗದವನ್ನೆಲ್ಲ ಹಚ್ಚುವ ರೂಢಿ ನಮ್ಮದು. ಸಾಕ್ಷಿ ಅಂತ ಹಚ್ಚಿದ ಮೇಲೆ ಅದರಲ್ಲಿರೋದು ನಿಮ್ಮದೇ ಮಾತು. ಹಳೆಯ ಪತ್ರದ ಅಂಕಿ ಇವತ್ತಿನ ಆದಾಯಕ್ಕೆ ಹೊಂದದಿದ್ದರೆ, ಆ ಪತ್ರಕ್ಕೆ ಸರಿಹೊಂದೋ ಹಾಗೆ ಫಾರ್ಮಿನಲ್ಲಿ ಕಡಿಮೆ ಬರೆಯೋದು ಪರಿಹಾರ ಅಲ್ಲ. ಕಬ್ಬಿನ ಬಿಲ್ಲು ಖಾತೆಗೇ ಬರ್ತದೆ, ಬೆಳೆ ಸಾಲದ ಫೈಲು ಅದೇ ಶಾಖೆಯ ಕಪಾಟಿನಲ್ಲೇ ಇದೆ, ಅದರಲ್ಲಿ ಎಷ್ಟು ಎಕರೆ ಕಬ್ಬು ಅಂತ ನೀವೇ ಸಹಿ ಮಾಡಿದ್ದೀರಿ. ಕಾಕಾನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. "ಕಾರ್ಡ್ ಹೋಗ್ತೇತೇನೋ ತಮ್ಮಾ?" ಅಂದರು. ರೇಷನ್ ಕಾರ್ಡಿಗೆ ಆದಾಯ ಮಿತಿ ಇದೆ, ಅರ್ಹತೆ ಇದೆಯೋ ಇಲ್ಲವೋ ಅನ್ನೋದು ಆ ಇಲಾಖೆಯ ಲೆಕ್ಕ. ಅದರ ಭಯಕ್ಕೆ ಬ್ಯಾಂಕಿನಲ್ಲಿ ತಪ್ಪು ಬರೆದು ಸಹಿ ಮಾಡಿದರೆ ಒಂದು ತೊಡಕಿನ ಜೊತೆ ಇನ್ನೊಂದನ್ನು ಕಟ್ಟಿಕೊಂಡ ಹಾಗೆ. ಅವರು ಆ ಪತ್ರವನ್ನು ಫಾರ್ಮಿನಿಂದ ತೆಗೆದು, ನಿಜವಾದ ಚೌಕಕ್ಕೆ ಗುರುತು ಹಾಕಿದರು. ಮೊಮ್ಮಗಳಿಗೆ ಈ ವರ್ಷ ಹೊಸ ಪತ್ರವನ್ನು ಸರಿಯಾದ ಆದಾಯಕ್ಕೇ ಮಾಡಿಸೋಣ ಅಂತ ತಾವೇ ಅಂದರು.

ಪ್ಯಾನ್ ಇಲ್ಲದವರ ಫಾರ್ಮ್ 60

ಪ್ಯಾನ್ ಕಾರ್ಡ್ ಇಲ್ಲದವರು ಫಾರ್ಮ್ 60 ಕೊಡ್ತಾ ಬಂದಿದ್ದೀವಿ. ಅದರಲ್ಲಿ ಕೃಷಿ ಆದಾಯ ಮತ್ತು ಕೃಷಿಯೇತರ ಆದಾಯ ಎರಡು ಬೇರೆ ಬೇರೆ ಸಾಲಿನಲ್ಲಿ ಬರೀಬೇಕಿತ್ತು. ಕಾಕಾ ಕೃಷಿಯ ಸಾಲಿನಲ್ಲಿ 48,000 ಬರೆದು, ಇನ್ನೊಂದನ್ನು ಖಾಲಿ ಬಿಟ್ಟಿದ್ದರು. ಹಾಲಿನ ಬಿಲ್ಲು ಮಾತ್ರ ಹತ್ತು ದಿನಕ್ಕೊಮ್ಮೆ ಅದೇ ಖಾತೆಗೆ ಬೀಳ್ತಿತ್ತು.

ನಮ್ಮ ಮಟ್ಟಿಗೆ ಎಮ್ಮೆ, ಹೊಲ ಎಲ್ಲ ಒಂದೇ ಒಕ್ಕಲುತನ. ಆದಾಯ ತೆರಿಗೆಯ ಲೆಕ್ಕದಲ್ಲಿ ಹಾಗಲ್ಲ. ಹೊಲದಲ್ಲಿ ಬೆಳೆದದ್ದು ಕೃಷಿ ಆದಾಯ. ಹಾಲು, ಕೋಳಿ, ಜೇನು ಸಾಕಣೆಯದ್ದು ಕೃಷಿಯೇತರ. ಹಾಗಾಗಿ ಕಾಕಾನ ಎರಡು ಸಾಲು ಹೀಗಾದವು: ಕೃಷಿ 2,50,000, ಕೃಷಿಯೇತರ 46,000. ಕೃಷಿಯೇತರ ಆದಾಯ ತೆರಿಗೆಯ ವಿನಾಯಿತಿ ಮಿತಿ ದಾಟಿದವರು ಫಾರ್ಮ್ 60 ಮೇಲೆ ನಡೆಸೋ ಹಾಗಿರಲಿಲ್ಲ, ಪ್ಯಾನ್ ಮಾಡಿಸಲೇಬೇಕಿತ್ತು. ಕಾಕಾ ಅದರಿಂದ ಬಹಳ ಕೆಳಗಿದ್ದರು.

ನನ್ನಂಥ ನರ್ಸರಿಯವರು ಪ್ರತಿ ಸಲ ಕೇಳೋ ಪ್ರಶ್ನೆಗೂ ಇಲ್ಲೇ ಉತ್ತರ ಹೇಳ್ತೀನಿ. ನರ್ಸರಿಯಲ್ಲಿ ನಾವೇ ಬೆಳೆಸಿದ ಸಸಿ ಮಾರಿದ ಆದಾಯವನ್ನು 2008ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಕೃಷಿ ಆದಾಯ ಅಂತಲೇ ಪರಿಗಣಿಸ್ತಾರೆ. ಆದರೆ ಬೇರೆಯವರ ಹತ್ತಿರ ಸಿದ್ಧ ಸಸಿ ತಂದು ಲಾಭ ಇಟ್ಟು ಮಾರಿದರೆ ಅದು ವ್ಯಾಪಾರ. ನಾನು ಸಾವಯವ ತರಬೇತಿಗೆ ಹೋದಾಗ ಸಿಗುವ ಸಂಭಾವನೆಯೂ ಕೃಷಿಯೇತರದ್ದೇ. ಉದ್ಯೋಗದ ಚೌಕದಲ್ಲಿ ಬರೀ 'ಕೃಷಿ' ಅಂತ ಬರೆದು, ಖಾತೆಗೆ ಸಂಸ್ಥೆಗಳಿಂದ ಸಂಭಾವನೆ ಬರ್ತಿದ್ದರೆ ಅದೂ ಹೊಂದಾಣಿಕೆ ಇಲ್ಲದ ಮಾತೇ.

ಆದಾಯಕ್ಕೆ ಆಧಾರ ಕೇಳಿದರೆ ಏನು ಕೊಡಬೇಕು? ಕಾರ್ಖಾನೆಯ ಕಬ್ಬಿನ ಬಿಲ್ಲು, ಡೇರಿಯ ಬಿಲ್ಲು, ಉತಾರ. ಇವನ್ನೂ ಒಮ್ಮೆ ತಾಳೆ ನೋಡಿ. ಉತಾರ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದು ಒಟ್ಟು 7 ಎಕರೆ ತೋರಿಸಿದರೆ, ನಿಮ್ಮ ಪಾಲು ಎಷ್ಟು ಅಂತ ಪಕ್ಕದಲ್ಲಿ ಬರೀರಿ. ಬೆಳೆ ಕಾಲಂನಲ್ಲಿ ಸೋಯಾಬೀನ್ ಇದ್ದು ನೀವು ಕಬ್ಬಿನ ಬಿಲ್ಲು ಕೊಡ್ತಿದ್ದರೆ, ಯಾವ ವರ್ಷದ ಉತಾರ ತೆಗೆಸಿದ್ದೀರಿ ನೋಡಿ. ಬಿಲ್ಲು ಮತ್ತು ಉತಾರ ಒಂದೇ ವರ್ಷದವು ಇರಬೇಕು. ಗಡಿಯ ಆಚೆ ಹೊಲ ಇದ್ದವರು ಅಲ್ಲಿಯ ಸಾತ್‌ಬಾರಾ ಉತಾರವನ್ನೂ ಜೊತೆಗೆ ಇಡಿ, ಇಲ್ಲವಾದರೆ ಇಲ್ಲಿಯ ಎಕರೆಗೆ ಟನ್ನುಗಳು ಜಾಸ್ತಿ ಕಾಣ್ತವೆ.

ಕೊಟ್ಟ ಮೇಲೆ ಸುಮ್ಮನಾಗಬೇಡಿ

ಫಾರ್ಮ್ ಕೊಟ್ಟಾಗ ತಾರೀಖು ಇರುವ ಸ್ವೀಕೃತಿ ಕೇಳಿ ಪಡೀರಿ. ಸ್ವಯಂ ಘೋಷಣೆ ಸೇರಿ ಏನು ಕೊಟ್ಟರೂ ಅದಕ್ಕೆ ಸ್ವೀಕೃತಿ ಕೊಡಬೇಕು ಅನ್ನೋದು ನಿಯಮದಲ್ಲೇ ಇದೆ. ಹದಿನೈದು ದಿನ ಬಿಟ್ಟು ಹೋಗಿ, ವಿಳಾಸ ಮತ್ತು ಉದ್ಯೋಗ ಹೇಗೆ ಏರಿಸಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ನಾವು ಸರಿ ಬರೆದಿದ್ದರೂ ಕಂಪ್ಯೂಟರಿಗೆ ಹಾಕುವಾಗ ತಪ್ಪಬಹುದು. ಆ ತಪ್ಪು ಒಂದೇ ಬ್ಯಾಂಕಿನಲ್ಲಿ ಉಳಿಯೋದಿಲ್ಲ. ನಿಮ್ಮ ವಿವರ 14 ಅಂಕಿಯ ಕೆವೈಸಿ ಸಂಖ್ಯೆಯಡಿ ಕೇಂದ್ರ ಕೆವೈಸಿ ದಾಖಲೆಗೆ ಹೋಗುತ್ತೆ, ಅಲ್ಲಿಂದ ಬೇರೆ ಬ್ಯಾಂಕುಗಳೂ ಅದನ್ನೇ ತಗೊಳ್ತವೆ.

ಕಾಕಾನ ಪ್ರಸಂಗ ಆದ ಐದು ತಿಂಗಳಿಗೆ, 2025ರ ಜೂನ್ 12ರಂದು ರಿಸರ್ವ್ ಬ್ಯಾಂಕು ಒಂದು ತಿದ್ದುಪಡಿ ತಂದಿತು. ಕಡಿಮೆ ಅಪಾಯದ ಗುಂಪಿನ ವ್ಯಕ್ತಿಗಳಿಗೆ ಕೆವೈಸಿ ಗಡುವು ದಾಟಿದರೂ ವ್ಯವಹಾರಕ್ಕೆ ಬಿಡಬೇಕು. ಗಡುವಿನಿಂದ ಒಂದು ವರ್ಷ, ಅಥವಾ 2026ರ ಜೂನ್ 30, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕೆವೈಸಿ ಮುಗಿಸಬಹುದು. ಗಡುವಿನ ಮುಂಚೆ ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ದಾಟಿದ ಮೇಲೆ ಮತ್ತೆ ಮೂರು ಸಲ, ಎರಡೂ ಸಲ ಒಂದಾದರೂ ಅಂಚೆ ಪತ್ರ ಇರಬೇಕು. ಊರಿನ ಬ್ಯಾಂಕ್ ಮಿತ್ರರ ಹತ್ತಿರವೂ 'ಬದಲಾವಣೆ ಇಲ್ಲ' ಅಥವಾ ವಿಳಾಸ ಬದಲಾವಣೆಯ ಘೋಷಣೆ ಕೊಡೋಕೆ ಅವಕಾಶ ಆಯ್ತು. ಇವು ಬ್ಯಾಂಕುಗಳಿಗೆ ಇರುವ ನಿಯಮ. ಊರಿನ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಅವರವರ ರೀತಿ ಕೇಳಿಕೊಳ್ಳಿ.

ಎಲ್ಲ ಸರಿಯಾಗಿ ಕೊಟ್ಟು, ಸ್ವೀಕೃತಿ ಇದ್ದೂ ಖಾತೆ ಬಿಡದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಆಗ ಕೈಯಲ್ಲಿ ಇರಬೇಕಾದದ್ದು ಆ ತಾರೀಖಿನ ಸ್ವೀಕೃತಿ ಮತ್ತು ಕೊಟ್ಟ ಫಾರ್ಮಿನ ಜೆರಾಕ್ಸ್.

ಕಾಕಾನ ಮೂರನೇ ಫಾರ್ಮಿನ ಜೊತೆ ಇದ್ದದ್ದು ಮೂರೇ ಕಾಗದ: ಮತದಾರರ ಚೀಟಿಯ ಜೆರಾಕ್ಸ್, ತಾಲೂಕಿನ ಬಗ್ಗೆ ಎರಡು ಸಾಲಿನ ಪತ್ರ, ಸರಿಯಾಗಿ ತುಂಬಿದ ಫಾರ್ಮ್ 60. ಮೊದಲ ಸಲ ಏಳು ಹಚ್ಚಿದ್ದರು. ಎರಡು ದಿನಕ್ಕೆ ಖಾತೆ ಚಾಲೂ ಆಯ್ತು, ಆ ವಾರವೇ ಕುಳೆಗೆ ಗೊಬ್ಬರ ಬಿತ್ತು. ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆ ತೆಗೆದ ತಾರೀಖು ಇರುತ್ತೆ. ಅದಕ್ಕೆ ಹತ್ತು ಕೂಡಿಸಿ, ಕೆವೈಸಿ ಮಧ್ಯೆ ಯಾವಾಗಲಾದರೂ ಕೊಟ್ಟಿದ್ದರೆ ಆ ತಾರೀಖಿನಿಂದ ಕೂಡಿಸಿ. ಹಂಗಾಮು ಶುರುವಾಗುವ ಮುಂಚೆ ಗಡುವು ಬರೋ ಹಾಗಿದ್ದರೆ ಈಗಲೇ ಕಾಗದಗಳನ್ನು ಕಟ್ಟೆ ಮೇಲೆ ಹರವಿ.